ಗೇಟಿನ ಲೈಟಿಗಿಂತ ಕ್ಯಾಮೆರಾಕ್ಕೇ ಕರೆಂಟ್ ಜಾಸ್ತಿ ಬೇಕು

ಜುಲೈಯಲ್ಲಿ ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದಿಂದ ಫೋನ್ ಬಂತು. "ಗೇಟಿನ ಲೈಟು, ಕ್ಯಾಮೆರಾ ಎರಡೂ ಮಧ್ಯರಾತ್ರಿಗೇ ಆಫ್ ಆಗ್ತವೆ ಸಾರ್, ಸೋಲಾರ್ ಪ್ಯಾನೆಲ್ ಕೆಟ್ಟಿರಬೇಕು" ಅಂದರು. ಹೋಗಿ ನೋಡಿದರೆ ಪ್ಯಾನೆಲ್ ಚೆನ್ನಾಗೇ ಇತ್ತು. 40 ವ್ಯಾಟಿನದು. ಜೊತೆಗೆ ಕಂಪ್ಯೂಟರ್ ಯುಪಿಎಸ್‌ನಲ್ಲಿ ಇರುವಂಥ 12 ವೋಲ್ಟ್, 7 ಎಎಚ್ ಬ್ಯಾಟರಿ.

ಇಲ್ಲಿ ಲೆಕ್ಕ ಮಾಡಬೇಕು. ಲೈಟು 5 ವ್ಯಾಟಿನದು, 12 ಗಂಟೆ ಉರಿದರೆ 60 ವ್ಯಾಟ್ ಅವರ್. ಸಿಮ್ ಹಾಕುವ 4ಜಿ ಕ್ಯಾಮೆರಾ ಸರಾಸರಿ 4 ವ್ಯಾಟ್ ಎಳೆಯುತ್ತಿತ್ತು, ಕಡಿಮೆ ಅನಿಸುತ್ತೆ ಅಲ್ವಾ? ಆದರೆ ಅದಕ್ಕೆ ಹಗಲೂ ರಜೆ ಇಲ್ಲ, 24 ಗಂಟೆಗೆ 96 ಆಯಿತು. ಒಟ್ಟು ದಿನಕ್ಕೆ 156. ಆ ಬ್ಯಾಟರಿ ಪೂರ್ತಿ ತುಂಬಿದ್ದರೂ ಅದರಲ್ಲಿರುವುದು 12ನ್ನು 7ರಿಂದ ಗುಣಿಸಿದರೆ ಬರುವ 84 ವ್ಯಾಟ್ ಅವರ್, ಅದು ಲೆಡ್ ಆಸಿಡ್ ಆದ್ದರಿಂದ ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. ಮಳೆಗಾಲದಲ್ಲಿ ಅದು ಪೂರ್ತಿ ತುಂಬುವುದೂ ಇಲ್ಲ. ಇನ್ನು ಬೆಳಗಿನವರೆಗೆ ಎಲ್ಲಿ ಬರುತ್ತೆ?

ದೊಡ್ಡ ಬ್ಯಾಟರಿ ತರುವ ಮೊದಲು ಖರ್ಚು ಇಳಿಸಿದೆವು. ಜನ ಬಂದಾಗ ಮಾತ್ರ ಜೋರಾಗಿ ಉರಿದು, ಉಳಿದ ಹೊತ್ತು ಮಂದವಾಗಿರುವ ಸೆನ್ಸರ್ ಲೈಟು ಹಾಕಿದಾಗ 60 ಇದ್ದದ್ದು ಸುಮಾರು 15ಕ್ಕೆ ಬಂತು. ಕ್ಯಾಮೆರಾದ್ದು ಹಾಗೇ ಬಿಟ್ಟೆವು, ಅದು ಹಗಲೂ ನೋಡುತ್ತಿರಬೇಕು. ಈಗ ದಿನಕ್ಕೆ 110ರ ಆಸುಪಾಸು. ಅದಕ್ಕೆ 12.8 ವೋಲ್ಟ್, 30 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಟ್ಟೆ, ಬಿಸಿಲೇ ಇಲ್ಲದಿದ್ದರೂ ಪೂರ್ತಿ ಖಾಲಿಯಾಗದೆ ಎರಡೂವರೆ ದಿನ ತಳ್ಳುತ್ತೆ. ಪ್ಯಾನೆಲ್ 100 ವ್ಯಾಟಿನದು. ಮೋಡದ ದಿನ ಪೂರ್ಣ ಬಿಸಿಲಿನ ಲೆಕ್ಕದಲ್ಲಿ ಎರಡು ಗಂಟೆಯಷ್ಟೇ ಸಿಕ್ಕರೂ, ನಷ್ಟ ಕಳೆದು ಆ ದಿನದ ಖರ್ಚು ಹುಟ್ಟುತ್ತೆ. ಅದನ್ನು ಗೇಟಿನ ಕಂಬಕ್ಕೇ ಹಾಕಲಿಲ್ಲ. ಅಲ್ಲಿ ಅಡಿಕೆ ಸೋಗೆಯ ನೆರಳು ಬೀಳುತ್ತಿತ್ತು, ಒಂದು ಮೂಲೆಗೆ ನೆರಳು ಬಿದ್ದರೂ ಪ್ಯಾನೆಲಿನ ಕರೆಂಟ್ ತುಂಬಾ ಕುಸಿಯುತ್ತೆ. 20 ಮೀಟರ್ ಆಚೆ ಬಯಲಿನಲ್ಲಿ ಬೇರೆ ಕಂಬ ನೆಟ್ಟು, ಬ್ಯಾಟರಿ ಪೆಟ್ಟಿಗೆಯನ್ನೂ ಅಲ್ಲೇ ಇಟ್ಟೆವು.

ಪ್ಯಾನೆಲ್, ಬ್ಯಾಟರಿ, ಲೈಟು-ಕ್ಯಾಮೆರಾಗಳ ನಡುವೆ ಕೂರುವ ಚಾರ್ಜ್ ಕಂಟ್ರೋಲರಿನಲ್ಲಿ ಎರಡು ಸೆಟ್ಟಿಂಗ್ ನೋಡಲೇಬೇಕು. ಬ್ಯಾಟರಿ ಬಗೆ ಲಿಥಿಯಂ ಐರನ್ ಫಾಸ್ಫೇಟ್ ಅಂತ ಇರಬೇಕು. ಲೋಡ್ ಸೆಟ್ಟಿಂಗ್ "ಸಂಜೆಯಿಂದ ಬೆಳಗಿನವರೆಗೆ" ಅಂತಿದ್ದರೆ ಹಗಲು ಕ್ಯಾಮೆರಾ ಸುಮ್ನೆ ಸತ್ತಿರುತ್ತೆ. 24 ಗಂಟೆಗೆ ಇಡಿ, ಕತ್ತಲೆ ಗುರುತಿಸುವ ಕೆಲಸವನ್ನು ಲೈಟಿನ ಸೆನ್ಸರ್ ಮಾಡಿಕೊಳ್ಳುತ್ತೆ. ಕ್ಯಾಮೆರಾವನ್ನು ನೇರ ಬ್ಯಾಟರಿಗೆ ಕಟ್ಟಬೇಡಿ, ಬ್ಯಾಟರಿ ಇಳಿದಾಗ ಕಂಟ್ರೋಲರ್ ಲೋಡ್ ಕಡಿಯುವ ರಕ್ಷಣೆ ಆಗ ಇರುವುದಿಲ್ಲ.

ಇಷ್ಟಾದರೂ ಮೊದಲ ಎರಡು ದಿನ ಕತ್ತಲಾದ ಕೂಡಲೇ ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತಿತ್ತು. ಹಗಲು ಏನೂ ತೊಂದರೆ ಇಲ್ಲ. ರಾತ್ರಿ ನೋಡಲು ಅದರ ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಕರೆಂಟ್ ಜಾಸ್ತಿ ಎಳೆಯುತ್ತೆ, ಪೆಟ್ಟಿಗೆಯಿಂದ ಗೇಟಿಗೆ ಎಳೆದಿದ್ದ 0.75 ಚದರ ಮಿ.ಮೀ. ತೆಳು ವೈರಿನಲ್ಲೇ ಸುಮಾರು ಒಂದು ವೋಲ್ಟ್ ಕಳೆದುಹೋಗಿ ಕ್ಯಾಮೆರಾಕ್ಕೆ ಸಾಲುತ್ತಿರಲಿಲ್ಲ. 2.5ರ ವೈರ್ ಎಳೆದ ಸಂಜೆಯಿಂದ ಅದು ನಿಂತಿತು.