ಅಪ್ರೈಸಲ್ ಅಂದರೇನು? ಆರು ಜನರ ಪ್ರೆಸ್ಸಿನ ಲೆಕ್ಕ

ಅಪ್ರೈಸಲ್ ಅಂದರೆ ಒಬ್ಬರ ವರ್ಷದ ಕೆಲಸ ಹೇಗಿತ್ತು ಅಂತ ಅವರ ಎದುರೇ ಕೂತು ನೋಡುವುದು. ಇನ್‌ಕ್ರಿಮೆಂಟ್ ಅಂದರೆ ಸಂಬಳ ಏರಿಸುವುದು. ಎಚ್‌ಆರ್ ಇಲ್ಲದ ಸಣ್ಣ ಜಾಗಗಳಲ್ಲಿ ಎರಡೂ ಒಂದೇ ಮಾತಿನಲ್ಲಿ ಮುಗಿಯುತ್ತವೆ: "ಈ ಸಲ ಸಾವಿರ ಜಾಸ್ತಿ ಮಾಡಿದ್ದೀನಿ." ಯಾಕೆ ಸಾವಿರ ಅಂತ ಕೊಟ್ಟವರಿಗೂ ಗೊತ್ತಿರುವುದಿಲ್ಲ.

ನಮ್ಮದು ಆರು ಜನರ ಪ್ರಿಂಟಿಂಗ್ ಪ್ರೆಸ್. ಒಂದು ಫೆಬ್ರವರಿಯಲ್ಲಿ ಲಗ್ನಪತ್ರಿಕೆಯ ತಾರೀಖು ತಪ್ಪಾಗಿ 500 ಕಾರ್ಡ್ ಮತ್ತೆ ಅಚ್ಚು ಹಾಕಬೇಕಾಯಿತು. ಮಾರ್ಚಿನಲ್ಲಿ ಮಷಿನ್ ನೋಡಿಕೊಳ್ಳುವ ಹುಡುಗನ ಜೊತೆ ಕೂತಾಗ ನನ್ನ ತಲೆಯಲ್ಲಿ ಅದೊಂದೇ ಇತ್ತು. ಅವನು ಮೆಲ್ಲಗೆ ಹೇಳಿದ: "ಪ್ರೂಫಿಗೆ ಸಹಿ ಹಾಕಿದ್ದು ನೀವೇ ಅಲ್ವಾ ಸರ್?" ಜಾಬ್ ಕಾರ್ಡ್ ತೆಗೆದು ನೋಡಿದೆ. ಹೌದು, ಸಹಿ ನನ್ನದೇ. ಅವನ ಹನ್ನೊಂದು ತಿಂಗಳ ಕೆಲಸವನ್ನು ನಾನು ಒಂದು ತಿಂಗಳ ಸಿಟ್ಟಿನಲ್ಲಿ ಅಳೆಯಲು ಹೊರಟಿದ್ದೆ.

ಅಂದಿನಿಂದ ಒಬ್ಬೊಬ್ಬರಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಟ್ಟಿದ್ದೇನೆ. ತಿಂಗಳಿಗೆ ಎರಡು ಸಾಲು ಸಾಕು. "ಚೆನ್ನಾಗಿ ಮಾಡ್ತಾನೆ" ಅಂತ ಬರೆದರೆ ಪ್ರಯೋಜನವಿಲ್ಲ. "ಆಗಸ್ಟ್ 12, ಬಿಲ್ ಬುಕ್, ಬಣ್ಣ ಒಂದರ ಮೇಲೊಂದು ಕೂರಲಿಲ್ಲ, 80 ಶೀಟ್ ವೇಸ್ಟ್" ಅಂತ ಬರೆಯಬೇಕು. ಒಳ್ಳೆಯದನ್ನೂ ಹಾಗೇ, ತಾರೀಖು ಹಾಕಿ. ಬರೆದದ್ದನ್ನು ಅದೇ ವಾರ ಅವನಿಗೆ ಹೇಳಿಬಿಡಬೇಕು. ಮಾರ್ಚಿನ ಮಾತುಕತೆಯಲ್ಲಿ ಅವನು ಮೊದಲ ಸಲ ಕೇಳುವ ದೂರು ಒಂದೂ ಇರಬಾರದು.

ದುಡ್ಡಿನ ಮಾತು ಅವತ್ತೇ ಬೇಡ, ಒಂದು ವಾರ ಬಿಟ್ಟು ಆಡಿ. ಸಂಬಳದ ಅಂಕಿ ಕಿವಿಗೆ ಬಿದ್ದ ಮೇಲೆ ಕೆಲಸದ ಮಾತು ಯಾರ ತಲೆಗೂ ಹೋಗುವುದಿಲ್ಲ.

ಏರಿಕೆಯಲ್ಲಿ ಎರಡು ಭಾಗ ಮಾಡಿಕೊಳ್ಳಿ. ಅವನ ಸಂಬಳ 25,000 ಅನ್ನಿ. ದಿನಸಿ, ಬಾಡಿಗೆ ನೂರಕ್ಕೆ ನಾಲ್ಕರಷ್ಟು ಏರಿದ್ದರೆ, ಅವನು ಹೋದ ವರ್ಷ ಇದ್ದಲ್ಲೇ ನಿಲ್ಲಲು 1,000 ಬೇಕು. ಇದು ಮೆಚ್ಚುಗೆ ಅಲ್ಲ. ಕನಿಷ್ಠ ವೇತನದಲ್ಲಿರುವವರಿಗಂತೂ ಕರ್ನಾಟಕದಲ್ಲಿ ಪ್ರತಿ ಏಪ್ರಿಲ್ 1ರಿಂದ ಬದಲಾಗುವ ತುಟ್ಟಿಭತ್ಯೆ ಕಾನೂನಿನ ಪ್ರಕಾರ ಕೊಡಲೇಬೇಕಾದದ್ದು. ಅದನ್ನೇ ಇನ್‌ಕ್ರಿಮೆಂಟ್ ಅಂತ ಹೇಳಿ ಕೊಡುವುದು ಸರಿಯಲ್ಲ.

ಎರಡನೆಯದು ಕೆಲಸದ ಭಾಗ. ಪ್ಲೇಟಿಗೆ ಫೈಲ್ ರೆಡಿ ಮಾಡಲು ಮೊದಲು ಹೊರಗಿನವರಿಗೆ ತಿಂಗಳಿಗೆ 3,000 ಕೊಡುತ್ತಿದ್ದೆವು. ಈಗ ಅವನೇ ಕಲಿತು ಮಾಡುತ್ತಾನೆ. ಅದರಲ್ಲಿ ಅರ್ಧ, 1,500, ಅವನಿಗೆ. ಒಟ್ಟು 27,500. "ಅವನಿಗೆ ಯಾಕೆ ಜಾಸ್ತಿ?" ಅಂತ ಪಕ್ಕದ ಬೈಂಡರ್ ಕೇಳಿದರೂ ಇದೇ ಲೆಕ್ಕ ಹೇಳಬಹುದು.

ಆರ್ಡರ್ ಕಮ್ಮಿಯಾದ ವರ್ಷ ಅಷ್ಟು ಕೊಡಲು ಆಗುವುದಿಲ್ಲ. ಆಗ ಅವನ ಕೆಲಸದಲ್ಲಿ ತಪ್ಪು ಹುಡುಕಬೇಡಿ. ವ್ಯಾಪಾರ ಹೇಗಿದೆಯೋ ಹಾಗೇ ಹೇಳಿ. "ಏಪ್ರಿಲ್‌ನಿಂದ 1,000, ಉಳಿದ 1,500 ಅಕ್ಟೋಬರ್‌ನಿಂದ" ಅಂತ ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವನ ಕೈಗೆ ಕೊಡಿ.