ದ್ರಾಕ್ಷಿ ಟ್ರೇಯ ಎರಡು ಚುಕ್ಕಿಗಳು

ವಿಜಯಪುರದಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳುತ್ತೇನೆ. ತಿಕೋಟಾ ಕಡೆಯ ಹುಡುಗನೊಬ್ಬ ಒಂದು ಗ್ರಾಫ್ ಹಾಳೆ ತಂದಿದ್ದ. ಅವರ ಮನೆಯಲ್ಲಿ ಒಣದ್ರಾಕ್ಷಿ ಮಾಡುತ್ತಾರೆ. 5 ಕಿಲೋ ಹಸಿ ದ್ರಾಕ್ಷಿಯನ್ನು ಒಂದು ಟ್ರೇಯಲ್ಲಿ ಬೇರೆ ಇಟ್ಟು ತೂಗಿದ್ದ. 3ನೇ ದಿನ 3000 ಗ್ರಾಂ, 7ನೇ ದಿನ 1800 ಗ್ರಾಂ. ಲೆಕ್ಕ ಸುಲಭವಾಗಲಿ ಅಂತ ತೂಕಗಳನ್ನು ನಾನು ಚೂರು ದುಂಡಗೆ ಮಾಡಿದ್ದೇನೆ.

"ಸರ್, ಎರಡ ಚುಕ್ಕಿ ಅದಾವ. ಗೆರಿ ಎಳದ್ರ ಆತಲ್ರಿ?" ಅಂದ.

ನೇರ ಗೆರೆ ಎಳೆದರೆ 4 ದಿನಕ್ಕೆ 1200 ಗ್ರಾಂ ಇಳಿಕೆ, ಅಂದರೆ ದಿನಕ್ಕೆ 300. ಹಾಗಾದರೆ 13ನೇ ದಿನ ಟ್ರೇಯಲ್ಲಿ ಏನೂ ಉಳಿಯಬಾರದು! ದ್ರಾಕ್ಷಿ ಹಾಗೆ ಒಣಗುವುದಿಲ್ಲ. ಮೊದಲು ಬೇಗ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಹೆಚ್ಚುಕಡಿಮೆ ಪ್ರತಿದಿನ ಒಂದೇ ಅಳತೆಯ ಪಾಲು ಉಳಿಯುತ್ತಾ ಹೋಗುತ್ತದೆ. ಇಂಥ ಇಳಿಕೆಗೆ ಸೂತ್ರ ಇದು:

```
y = a · b^x
```

x ಅಂದರೆ ಎಷ್ಟನೇ ದಿನ, y ಅಂದರೆ ಆ ದಿನದ ತೂಕ. a ಅಂದರೆ ಶುರುವಿನ ದಿನದ ತೂಕ, b ಅಂದರೆ ದಿನಕ್ಕೆ ಉಳಿಯುವ ಪಾಲು. ಗೊತ್ತಿಲ್ಲದ್ದು ಎರಡು, ಚುಕ್ಕಿಯೂ ಎರಡು. ಎರಡೂ ಚುಕ್ಕಿಗೆ ಸೂತ್ರ ಬರೆದು ಒಂದನ್ನು ಇನ್ನೊಂದರಿಂದ ಭಾಗಿಸಿದರೆ a ಹಾರಿಹೋಗುತ್ತದೆ:

```
(a·b^7) / (a·b^3) = 1800 / 3000
b^4 = 0.6
```

ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಅವನೂ 0.6ನ್ನು 4ರಿಂದ ಭಾಗಿಸಿ b = 0.15 ಅಂತ ಬರೆದಿದ್ದ. ದಿನಕ್ಕೆ ನೂರರಲ್ಲಿ ಹದಿನೈದೇ ಉಳಿದರೆ 4ನೇ ದಿನಕ್ಕೇ ಟ್ರೇ 450 ಗ್ರಾಮಿಗೆ ಬಂದಿರುತ್ತಿತ್ತು. b ನಾಲ್ಕು ಸಲ ಗುಣಿಸಿಕೊಂಡು 0.6 ಆಗಿದೆ. ಅದನ್ನು ಬಿಡಿಸಲು ಭಾಗಾಕಾರ ಸಾಲದು, ನಾಲ್ಕನೇ ಮೂಲ ತೆಗೆಯಬೇಕು. ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲೂ ಆಗುತ್ತದೆ: 0.6 ಒತ್ತಿ, √ ಎರಡು ಸಲ ಒತ್ತಿ. 0.7746, ಆಮೇಲೆ 0.8801. ಚುಕ್ಕಿ ಆರಿಸುವುದು ನಮ್ಮ ಕೈಯಲ್ಲಿದ್ದರೆ ನಡುವಿನ ಅಂತರ 2 ಅಥವಾ 4 ಇರುವಂತೆ ನೋಡಿಕೊಳ್ಳಿ ಅನ್ನುವುದು ಇದಕ್ಕೇ. ಅಂತರ 3 ಆದರೆ ಲಾಗ್ ಟೇಬಲ್ ತೆರೆಯಬೇಕು. ನಾಲ್ಕನೇ ಮೂಲಕ್ಕೆ ಋಣ ಉತ್ತರವೂ ಇದೆ, ಅದನ್ನು ಬಿಡಬೇಕು. ಈ ಸೂತ್ರದಲ್ಲಿ b ಯಾವಾಗಲೂ ಧನವೇ.

ಈಗ 3ನೇ ದಿನದ ತೂಕದಿಂದ a:

```
a = 3000 / 0.8801^3 ≈ 4400
```

ಲೆಕ್ಕದ ಪ್ರಕಾರ ಎಲ್ಲ ಸರಿ. ಎರಡೂ ಚುಕ್ಕಿ ಕೂಡುತ್ತವೆ. ಆದರೆ ಅವನು ಟ್ರೇಗೆ ಹಾಕಿದ್ದು 5000 ಗ್ರಾಂ, ಸೂತ್ರ ಹೇಳುವುದು 4400. "14ನೇ ದಿನಕ್ಕ ಎಷ್ಟ ಬರ್ತದ ನೋಡಪಾ" ಅಂದೆ. ಸುಮಾರು 736 ಗ್ರಾಂ ಬಂತು. ಅವನೇ ತಲೆ ಅಲ್ಲಾಡಿಸಿದ. "ಇಲ್ರಿ ಸರ್, ಐದ ಕಿಲೋಕ್ಕ ಒಂದ ಕಿಲೋಕ್ಕಿಂತ ಕಡಿಮಿ ಒಣದ್ರಾಕ್ಷಿ ಬರೂದಿಲ್ಲ."

ಸರಿಯಾಗಿಯೇ ಹೇಳಿದ. ಹಸಿ ದ್ರಾಕ್ಷಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಉಳಿದ 1 ಕಿಲೋ ಸಕ್ಕರೆ, ಸಿಪ್ಪೆ ಇತ್ಯಾದಿ. ಅದು ಎಲ್ಲೂ ಹೋಗುವುದಿಲ್ಲ. b ಒಂದಕ್ಕಿಂತ ಕಡಿಮೆ ಇದ್ದಾಗ ನಮ್ಮ ಸೂತ್ರ ಸೊನ್ನೆಯತ್ತ ಇಳಿಯುತ್ತದೆ. ಟ್ರೇಯ ತೂಕ ಮಾತ್ರ ಸಾವಿರ ಗ್ರಾಮಿನತ್ತ ಇಳಿಯುತ್ತದೆ. ಸೊನ್ನೆಯತ್ತ ಹೋಗುವುದು ನೀರು ಮಾತ್ರ, ಅಲ್ವಾ? ಹಾಗಾಗಿ y ಅಂದರೆ ನೀರಿನ ತೂಕ ಅಂತ ಇಟ್ಟುಕೊಳ್ಳಬೇಕು. ಎರಡೂ ತೂಕದಿಂದ 1000 ಕಳೆದೆವು. ಹೊಸ ಚುಕ್ಕಿಗಳು (3, 2000) ಮತ್ತು (7, 800).

```
b^4 = 800 / 2000 = 0.4
b ≈ 0.7953
a = 2000 / 0.7953^3 ≈ 3976
```

ಹಾಕಿದ ದ್ರಾಕ್ಷಿಯಲ್ಲಿ ನೀರು ಸುಮಾರು 4000 ಗ್ರಾಂ ಇತ್ತು. ಸೂತ್ರ ತಾನಾಗಿಯೇ ಅದರ ಹತ್ತಿರ ಬಂದು ನಿಂತಿತು. 14ನೇ ದಿನಕ್ಕೆ ನೀರು 161 ಗ್ರಾಂ, ಟ್ರೇಯ ತೂಕ 1161. ಅಂದರೆ ತೇವಾಂಶ ನೂರಕ್ಕೆ ಸುಮಾರು 14. ಒಣಗಿದ ದ್ರಾಕ್ಷಿಯನ್ನು ಟ್ರೇಯಿಂದ ತೆಗೆಯುವ ಹದ ಅದೇ.

b ತೆಗೆದ ಕೂಡಲೇ ಅದನ್ನು 0.8 ಅಂತ ದುಂಡಗೆ ಮಾಡಬೇಡಿ. ಮಾಡಿದರೆ 7ನೇ ದಿನಕ್ಕೆ 800ರ ಬದಲು 819 ಬರುತ್ತದೆ. ನಾವು ಕೊಟ್ಟ ಚುಕ್ಕಿಯನ್ನೇ ಸೂತ್ರ ತಪ್ಪಿಸಿಬಿಡುತ್ತದೆ. ಚುಕ್ಕಿಗಳನ್ನು ತೀರಾ ಹತ್ತಿರ ಹತ್ತಿರ ಆರಿಸುವುದೂ ಬೇಡ. 3 ಮತ್ತು 4ನೇ ದಿನ ತೆಗೆದುಕೊಂಡು, 4ನೇ ದಿನ ತೂಗುವಾಗ 50 ಗ್ರಾಂ ಜಾಸ್ತಿ ಓದಿದರೆ b 0.82ಕ್ಕೆ ಏರುತ್ತದೆ. ಅದೇ ತಪ್ಪು 7ನೇ ದಿನ ಆದರೆ 0.807ರಲ್ಲೇ ನಿಲ್ಲುತ್ತದೆ.

ಎರಡು ಚುಕ್ಕಿ ಕೊಟ್ಟರೆ ಸೂತ್ರ ಹೇಗೂ ಸಿಗುತ್ತದೆ, ತಪ್ಪು y ಹಿಡಿದರೂ ಸಿಗುತ್ತದೆ. ಅದಕ್ಕೆ ಮೂರನೇ ಚುಕ್ಕಿ ಕೇಳಿದೆ. ನಮ್ಮ ಸೂತ್ರದ ಪ್ರಕಾರ 5ನೇ ದಿನ ಟ್ರೇಯ ತೂಕ 2265 ಇರಬೇಕು. ಹುಡುಗ ನೋಟ್‌ಬುಕ್ಕಿನ ಹಿಂದಿನ ಪುಟ ತಿರುವಿದ. ಅಲ್ಲಿ ಪೆನ್ಸಿಲಿನಲ್ಲಿ 2280 ಅಂತ ಬರೆದಿತ್ತು.