ಬಾಗಿಲು ತೆರೆಯುವವನಿಗೆ ಏನು ಗೊತ್ತು?

ಮೂರು ಬಾಗಿಲು. ಒಂದರ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನೀವು ಒಂದನ್ನು ಆರಿಸುತ್ತೀರಿ. ಕಾರು ಎಲ್ಲಿದೆ ಅಂತ ಗೊತ್ತಿರುವ ನಿರೂಪಕ, ಮಿಕ್ಕ ಎರಡರಲ್ಲಿ ಮೇಕೆ ಇರುವ ಒಂದನ್ನು ತೆರೆದು ತೋರಿಸಿ, "ಬದಲಾಯಿಸ್ತೀರಾ?" ಅಂತ ಕೇಳುತ್ತಾನೆ. ಉಳಿದಿರೋದು ಎರಡೇ ಬಾಗಿಲು, ಹಾಗಾಗಿ ಅರ್ಧಕ್ಕರ್ಧ ಅನ್ನಿಸುತ್ತದೆ ಅಲ್ವಾ? ಆದರೆ ಬದಲಾಯಿಸಿದರೆ ಗೆಲ್ಲುವ ಅವಕಾಶ ಮೂರರಲ್ಲಿ ಎರಡು.

ಅಮೆರಿಕದ 'ಲೆಟ್ಸ್ ಮೇಕ್ ಎ ಡೀಲ್' ಟಿವಿ ಆಟದ ನಿರೂಪಕ ಮಾಂಟಿ ಹಾಲ್ ಹೆಸರಿನಲ್ಲಿ ಈ ಒಗಟನ್ನು 1975ರಲ್ಲಿ ಸ್ಟೀವ್ ಸೆಲ್ವಿನ್ ಎಂಬ ಸಂಖ್ಯಾಶಾಸ್ತ್ರಜ್ಞ ಒಂದು ಪತ್ರಿಕೆಗೆ ಬರೆದು ಕಳಿಸಿದರು. ಗಲಾಟೆ ಎದ್ದದ್ದು 1990ರಲ್ಲಿ. 'ಪರೇಡ್' ವಾರಪತ್ರಿಕೆಯ ಅಂಕಣದಲ್ಲಿ ಮರ್ಲಿನ್ ವೊಸ್ ಸಾವಂತ್ "ಬದಲಾಯಿಸಿ" ಎಂದು ಉತ್ತರಿಸಿದರು. ಸುಮಾರು 10,000 ಪತ್ರಗಳು ಬಂದವು, ಬಹಳಷ್ಟು ಅವರದ್ದು ತಪ್ಪು ಅನ್ನುವಂಥವೇ. ಅದರಲ್ಲಿ ಪಿಎಚ್.ಡಿ. ಆದವರೂ ನೂರಾರು ಜನ. ದೊಡ್ಡ ಗಣಿತಜ್ಞ ಪಾಲ್ ಏರ್ಡಿಶ್ ಕೂಡ ಒಪ್ಪಲಿಲ್ಲ, ಕಂಪ್ಯೂಟರಿನಲ್ಲಿ ಆಟ ಮತ್ತೆ ಮತ್ತೆ ಆಡಿಸಿ ತೋರಿಸಿದ ಮೇಲೆಯೇ ಅವರಿಗೆ ನಂಬಿಕೆ ಬಂದದ್ದು.

ನೀವೇ ಆಡಿ ನೋಡಬಹುದು. ಗಾಂಧಿ ಬಜಾರಿನ ಯಾವುದಾದರೂ ದರ್ಶಿನಿಯಲ್ಲಿ ಕಾಫಿ ಕುಡಿದಾದ ಮೇಲೆ ಮೂರು ಪೇಪರ್ ಕಪ್ ಬೋರಲು ಹಾಕಿ. ಗೆಳೆಯನಿಗೆ ಕಾಣದ ಹಾಗೆ ಒಂದರ ಕೆಳಗೆ ಒಂದು ರೂಪಾಯಿ ಇಟ್ಟು, ಅವನು ಒಂದು ಕಪ್ ತೋರಿಸಲಿ. 300 ಸಲ ಆಡಿದಿರಿ ಅಂದುಕೊಳ್ಳಿ. ಸುಮಾರು 100 ಸಲ ಅವನು ತೋರಿಸಿದ ಕಪ್ಪಲ್ಲೇ ನಾಣ್ಯ ಇರುತ್ತದೆ. ಉಳಿದ 200 ಸಲ ನಾಣ್ಯ ಬೇರೆ ಎರಡು ಕಪ್ಪುಗಳಲ್ಲಿ ಒಂದರಲ್ಲಿದೆ, ಆಗ ನೀವು ಖಾಲಿ ಕಪ್ಪನ್ನೇ ಎತ್ತಬೇಕು, ನಿಮಗೆ ಬೇರೆ ದಾರಿಯೇ ಇಲ್ಲ. ಹಾಗಾಗಿ ಆ 200 ಸಲವೂ ಎತ್ತದೆ ಬಿಟ್ಟ ಕಪ್ಪಲ್ಲಿ ನಾಣ್ಯ ಇದ್ದೇ ಇರುತ್ತದೆ. ಬದಲಾಯಿಸಿದವನಿಗೆ 200 ಗೆಲುವು, ಹಟ ಹಿಡಿದವನಿಗೆ 100.

ಈಗ ಒಂದೇ ಒಂದು ನಿಯಮ ಬದಲಿಸಿ. ನಾಣ್ಯ ಎಲ್ಲಿದೆ ಅಂತ ನಿಮಗೂ ಗೊತ್ತಿಲ್ಲ, ಮಿಕ್ಕ ಎರಡರಲ್ಲಿ ಒಂದನ್ನು ಸುಮ್ನೆ ಎತ್ತುತ್ತೀರಿ. ಆ 200ರಲ್ಲಿ ಸುಮಾರು 100 ಸಲ ನಾಣ್ಯವೇ ಬಯಲಾಗಿ ಆಟ ಕೆಡುತ್ತದೆ. ಉಳಿದ 100, ಜೊತೆಗೆ ಗೆಳೆಯ ಮೊದಲೇ ನಾಣ್ಯದ ಕಪ್ ತೋರಿಸಿದ 100 ಸೇರಿ, ಖಾಲಿ ಕಪ್ ಕಂಡ ಆಟಗಳು 200. ಅವುಗಳಲ್ಲಿ 100 ಬದಲಾಯಿಸಿದವನಿಗೆ, 100 ಬದಲಾಯಿಸದವನಿಗೆ. ಕಣ್ಣಿಗೆ ಕಾಣುವುದು ಅದೇ ಖಾಲಿ ಕಪ್, ಬದಲಾಯಿಸಿದವನ ಅವಕಾಶ ಮಾತ್ರ ಮೂರರಲ್ಲಿ ಎರಡರಿಂದ ಎರಡರಲ್ಲಿ ಒಂದಕ್ಕೆ ಇಳಿಯಿತು. ನನ್ನ ಪ್ರಕಾರ ಎಷ್ಟೋ ಜನ ಜಗಳ ಆಡಿದ್ದು ಇದನ್ನು ಗಮನಿಸದೆ. ಬಾಗಿಲುಗಳನ್ನು ಎಣಿಸಿದರೆ ಸಾಲದು, ನಿರೂಪಕ ಅದೇ ಬಾಗಿಲನ್ನು ಯಾಕೆ ತೆರೆದ ಅಂತಲೂ ಕೇಳಬೇಕು.

1991ರಲ್ಲಿ ಒಬ್ಬ ವರದಿಗಾರ ಮಾಂಟಿ ಹಾಲ್ ಅವರನ್ನೇ ಭೇಟಿ ಮಾಡಿದಾಗ ಅವರು ಇನ್ನೊಂದು ಎಳೆ ಹಿಡಿದರು: ಬದಲಾಯಿಸಲು ಅವಕಾಶ ಕೊಡಲೇಬೇಕು ಅನ್ನುವ ಕಟ್ಟು ನಿರೂಪಕನಿಗೆ ಇದೆಯಾ? ಇಲ್ಲದಿದ್ದರೆ, ನೀವು ಕಾರಿನ ಬಾಗಿಲನ್ನೇ ಆರಿಸಿದಾಗ ಮಾತ್ರ ಅವನು "ಬದಲಾಯಿಸ್ತೀರಾ?" ಅಂತ ಕೇಳಬಹುದು. ಆಗ ಬದಲಾಯಿಸಿದವರು ಪ್ರತಿ ಸಲವೂ ಮೇಕೆ ಹಿಡಿದುಕೊಂಡೇ ಮನೆಗೆ ಹೋಗುತ್ತಾರೆ.